ಕುಟುಂಬಪ್ರವಾಸದ ಸಂದೇಶಗಳ ಇಂಗ್ಲಿಷ್ ಅನುವಾದ: ಕರ್ತೃಪದ ಮತ್ತು ಪಾಲಿನ ಪ್ರಶ್ನೆ

ಬಂಧುಗಳು ಕೂಡಿ ಪ್ರವಾಸ ಹೊರಡುವ ಮುನ್ನ ಪರಸ್ಪರ ಬರೆದುಕೊಳ್ಳುವ ವಾಟ್ಸಾಪ್ ಸಂದೇಶಗಳು ಆಡುಮಾತಿನ ಬರಹರೂಪಗಳು. ಪರದೇಶದಲ್ಲಿ ಬೆಳೆದು ಕನ್ನಡ ಓದಲಾರದ ನೆಂಟರಿಗಾಗಿ ಅವನ್ನು ಇಂಗ್ಲಿಷಿಗೆ ತಿರುಗಿಸುವಾಗ ಪದಗಳ ಅರ್ಥ ಹೇಳಿದರೆ ಸಾಲದು. ಯಾರು ಏನು ಮಾಡಬೇಕು, ಯಾರು ಎಷ್ಟು ಕೊಡಬೇಕು ಎಂಬುದು ಅನುವಾದದಲ್ಲಿ ಉಳಿಯಬೇಕು. ಕನ್ನಡದಲ್ಲಿ ಈ ಎರಡು ಸಂಗತಿಗಳೂ ಬಹುಮಟ್ಟಿಗೆ ಅಧ್ಯಾಹಾರವಾಗಿರುತ್ತವೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನಿಂದ ಶೃಂಗೇರಿ, ಹೊರನಾಡುಗಳಿಗೆ ನಾಲ್ಕು ಮನೆಗಳ ಹನ್ನೆರಡು ಮಂದಿ ಹೊರಟಿದ್ದಾರೆ: ದೊಡ್ಡಪ್ಪನ ಮನೆಯವರು ಇಬ್ಬರು, ಸೋದರತ್ತೆಯ ಮನೆಯವರು ನಾಲ್ವರು, ಚಿಕ್ಕಪ್ಪನ ಮನೆಯವರು ಮೂವರು, ಲಂಡನ್ನಿನಿಂದ ಬರುವವರು ಮೂವರು. ಸಂದೇಶಗಳು ಹೀಗಿವೆ.

ದೊಡ್ಡಪ್ಪ: “ಗಾಡಿ ಮಾತಾಡಿದ್ದಾಯ್ತು. ಇಪ್ಪತ್ತನಾಲ್ಕು ಅಂದ. ಐದು ಕೊಟ್ಟಿದ್ದೀನಿ. ಎಲ್ಲರೂ ಸಮ ಹಾಕ್ಕೊಳ್ಳೋಣ.”

ಅತ್ತೆ: “ಶೃಂಗೇರಿ ರೂಮಿಗೆ ಅವನೇ ಫೋನ್ ಮಾಡ್ಲಿ. ದಾರೀಲಿ ತಿಂಡಿ ನಾವು ನೋಡ್ಕೋತೀವಿ.”

ಚಿಕ್ಕಪ್ಪ: “ಸರಿ ಅಕ್ಕ, ಮಾಡ್ತೀನಿ. ಹೊರನಾಡಲ್ಲಿ ಪೂಜೆಗೆ ಹೇಳ್ಸೋಣ.”

ಮೊದಲು ಕೆಲಸದ ಹಂಚಿಕೆಯನ್ನು ನೋಡೋಣ. ‘ಮಾಡ್ಲಿ’ ಎಂಬ ವಿಧ್ಯರ್ಥರೂಪವನ್ನು ‘ಲೆಟ್ ಹಿಮ್ ಫೋನ್’ ಎಂದರೆ ಅನುಮತಿ ಕೊಟ್ಟಂತಾಗುತ್ತದೆ, ಇಲ್ಲಿರುವುದು ಕಾರ್ಯನಿಯೋಜನೆ. ‘ಅವನು’ ಯಾರು? ತನ್ನ ಅಣ್ಣನನ್ನು ಅತ್ತೆ ಏಕವಚನದಲ್ಲಿ ಕರೆಯುವ ಸಂಭವ ಕಡಿಮೆ. ತಮ್ಮನನ್ನು ಹಾಗೆನ್ನುವುದು ಸಹಜ. ಮರುಸಂದೇಶದಲ್ಲಿ ‘ಮಾಡ್ತೀನಿ’ ಎಂದವನು ಆ ತಮ್ಮನೇ ಆದುದರಿಂದ ಸಂಶಯ ಕಳೆಯಿತು. ಸಂದೇಶವನ್ನು ಅದರ ಉತ್ತರದೊಡನೆ ಓದಿದ ಮೇಲೆಯೇ ಕರ್ತೃವನ್ನು ನಿರ್ಧರಿಸಬೇಕೆಂದು ಇದರಿಂದ ತಿಳಿಯುತ್ತದೆ. ಲಂಡನ್ನಿನವರಿಗೆ ಅತ್ತೆಯಾದವಳೇ ಚಿಕ್ಕಪ್ಪನಿಗೆ ಅಕ್ಕ. ಸಂಬಂಧವಾಚಕಗಳನ್ನು ಹಾಗೆಯೇ ತಿರುಗಿಸಿದರೆ ಒಬ್ಬಳು ಇಬ್ಬರಾಗಿ ತೋರುವಳು. ಆದುದರಿಂದ ಇಂಗ್ಲಿಷಿನಲ್ಲಿ ಉದ್ದಕ್ಕೂ ವ್ಯಕ್ತಿಯ ಹೆಸರನ್ನೇ ಬಳಸುವುದು ಲೇಸು.

‘ನಾವು’ ಎಂಬ ಸರ್ವನಾಮದ ತೊಡಕು ಬೇರೆ ಬಗೆಯದು. ತೆಲುಗಿನಲ್ಲಿ ಕೇಳುಗನನ್ನು ಸೇರಿಸಿಕೊಂಡರೆ ‘ಮನಂ’, ಬಿಟ್ಟರೆ ‘ಮೇಮು’. ಇಂದಿನ ಕನ್ನಡದ ‘ನಾವು’ ಎರಡಕ್ಕೂ ಸಲ್ಲುತ್ತದೆ. ಇಂಗ್ಲಿಷಿನ ‘ವಿ’ಯೂ ಅಷ್ಟೇ. ತಿಂಡಿಯ ಹೊಣೆ ಹೊತ್ತ ‘ನಾವು’ ಅತ್ತೆಯ ಮನೆಯವರು ಮಾತ್ರ. ಅನುವಾದದಲ್ಲಿ ಅದನ್ನು ಬಿಡಿಸಿ ಹೇಳದಿದ್ದರೆ ಲಂಡನ್ನಿನವರೂ ತಿಂಡಿ ಕಟ್ಟಿಸಿಕೊಂಡು ಬಂದಾರು. ‘ಹೇಳ್ಸೋಣ’ ಎಂಬುದಾದರೋ ಯಾರನ್ನೂ ನಿಯೋಜಿಸುವುದಿಲ್ಲ. ಅಲ್ಲಿ ಒಂದು ಹೆಸರನ್ನು ಊಹಿಸಿ ತುಂಬಬಾರದು. ‘ಇನ್ನೂ ಯಾರಿಗೂ ವಹಿಸಿಲ್ಲ’ ಎಂದೇ ಬರೆಯಬೇಕು.

ಇನ್ನು ವೆಚ್ಚದ ವಿಷಯ. ‘ಇಪ್ಪತ್ತನಾಲ್ಕು’, ‘ಐದು’ ಎಂಬಲ್ಲಿ ‘ಸಾವಿರ’ ಲುಪ್ತವಾಗಿದೆ. ಬಾಡಿಗೆ 24,000 ರೂಪಾಯಿ, ಮುಂಗಡ 5,000 ಎಂದು ಪೂರ್ಣವಾಗಿ ಬರೆಯಬೇಕು. ನಿಜವಾದ ಅಪಾಯವಿರುವುದು ‘ಸಮ’ ಎಂಬ ಪದದಲ್ಲಿ. ಮನೆಗೆ ಸಮವೋ, ತಲೆಗೆ ಸಮವೋ? ‘ಈಕ್ವಲಿ’ ಎಂದು ತಿರುಗಿಸಿದರೆ ಪ್ರಶ್ನೆ ಮರೆಯಾಗುವುದೇ ಹೊರತು ತೀರುವುದಿಲ್ಲ. ಎರಡು ರೀತಿಯಲ್ಲೂ ಲೆಕ್ಕ ಹಾಕಿ ನೋಡೋಣ. ಮನೆಗೆ ಸಮವೆಂದರೆ ಪ್ರತಿಯೊಂದು ಮನೆಗೂ 6,000. ಮುಂಗಡ ಕೊಟ್ಟಿರುವ ದೊಡ್ಡಪ್ಪ ಇನ್ನು 1,000 ಕೊಟ್ಟರೆ ಸಾಕು. ತಲೆಗೆ ಸಮವೆಂದರೆ ಒಬ್ಬರಿಗೆ 2,000. ಅತ್ತೆಯ ಮನೆಗೆ 8,000 ಬೀಳುತ್ತದೆ, ದೊಡ್ಡಪ್ಪನ ಪಾಲು 4,000ಕ್ಕೆ ಇಳಿದು ಅವನಿಗೇ 1,000 ಹಿಂದಕ್ಕೆ ಬರಬೇಕಾಗುತ್ತದೆ. ಲಂಡನ್ನಿನ ಮೂವರ ಪಾಲಾದರೋ ಎರಡು ಲೆಕ್ಕದಲ್ಲೂ 6,000ವೇ. ಆದುದರಿಂದ ತಮ್ಮ ಪಾಲನ್ನಷ್ಟೇ ನೋಡುವ ಓದುಗರಿಗೆ ಅನುವಾದದ ದೋಷ ಕಾಣುವುದೇ ಇಲ್ಲ. ಅತ್ತೆಯ ಮನೆಯ ಲೆಕ್ಕದಲ್ಲಿ 2,000 ರೂಪಾಯಿ ವ್ಯತ್ಯಾಸವಾದಾಗ, ತಾವು ಓದಿದ್ದೇ ಬೇರೆಯೆಂದು ಅವರು ವಾದಿಸುವ ಪ್ರಸಂಗ ಬಂದೀತು.

ಇದಕ್ಕೆ ಪರಿಹಾರ, ಪ್ರತಿಯೊಂದು ಮನೆಯ ಪಾಲನ್ನೂ ಬರೆದು ಕೂಡಿಸಿ, ಮೊತ್ತ 24,000 ಆಗುವುದೇ ಎಂದು ನೋಡುವುದು. ಆದರೆ ಈ ಪರೀಕ್ಷೆಯಲ್ಲಿ ಎರಡು ಅರ್ಥಗಳೂ ಗೆಲ್ಲುತ್ತವೆ. ಯಾವುದು ದೊಡ್ಡಪ್ಪನ ಮನಸ್ಸಿನಲ್ಲಿತ್ತೆಂಬುದನ್ನು ಲೆಕ್ಕ ಹೇಳಲಾರದು. ಅವನನ್ನೇ ಕೇಳಬೇಕು. ಉತ್ತರ ಬರುವವರೆಗೆ ಎರಡು ಲೆಕ್ಕಗಳನ್ನೂ ಅಕ್ಕಪಕ್ಕದಲ್ಲಿ ಕೊಟ್ಟು, ನಿರ್ಧಾರವಾಗಿಲ್ಲವೆಂದು ಸೂಚಿಸಬೇಕು. ಮೊತ್ತಗಳನ್ನು ಪೌಂಡಿಗೆ ಪರಿವರ್ತಿಸದೆ ರೂಪಾಯಿಯಲ್ಲಿಯೇ ಇಡುವುದು ಉಚಿತ. ವಿನಿಮಯದರ ದಿನದಿನಕ್ಕೂ ಬದಲಾಗುವುದರಿಂದ, ಇಂದು ಪೌಂಡಿನಲ್ಲಿ ಬರೆದ ಪಾಲು ಹಣ ಕಳುಹಿಸುವ ದಿನ 6,000 ರೂಪಾಯಿಗೆ ಸರಿಹೊಂದದೆ ಹೋಗಬಹುದು.

ಹೀಗೆ ಮಾಡಿದ ಅನುವಾದದಲ್ಲಿ ನಾಲ್ಕು ಸಾಲುಗಳು ಇರುತ್ತವೆ. ವಾಹನ: ದೊಡ್ಡಪ್ಪ ಗೊತ್ತುಮಾಡಿದ್ದಾನೆ, 5,000 ಸಂದಿದೆ, 19,000 ಬಾಕಿ, ಹಂಚಿಕೆ ಕೇಳಿ ತಿಳಿಯಬೇಕು. ಕೊಠಡಿ: ಚಿಕ್ಕಪ್ಪ ಫೋನ್ ಮಾಡಲು ಒಪ್ಪಿದ್ದಾನೆ, ಇನ್ನೂ ಗೊತ್ತಾಗಿಲ್ಲ. ತಿಂಡಿ: ಅತ್ತೆಯ ಮನೆಯವರದು. ಪೂಜೆ: ಹೊಣೆಗಾರರಿಲ್ಲ. ಕೊನೆಯ ಸಾಲನ್ನು ಓದಿದ ಲಂಡನ್ನಿನವರು ಅದನ್ನು ತಾವೇ ವಹಿಸಿಕೊಳ್ಳಬಹುದು.