ಮುಂದಿನ ವಾರ ಏನನ್ನು ಹೇಳುವುದು?

ನಮ್ಮ ಕಕ್ಕೇರಾದ ಹಿರಿಯ ರೈತರೊಬ್ಬರು ಹಿಂದಿನ ವರ್ಷ ನನಗೆ ಹೇಳಿದ ಮಾತಿನಿಂದಲೇ ಈ ಲೇಖನವನ್ನು ಆರಂಭಿಸುತ್ತೇನೆ. “ತಮ್ಮಾ, ನೀ ಹೇಳೋದು ಛಲೊ ಅದ. ಆದ್ರ ಹುಳ ತಿಂದು ಹೋದ ಮ್ಯಾಲ ಹೇಳ್ತಿ.”

ನಾವು ನಾಲ್ವರು ಗೆಳೆಯರು ಎರಡು ವರ್ಷಗಳಿಂದ ಯೂಟ್ಯೂಬಿನಲ್ಲಿ ಬೇಸಾಯದ ಒಂದು ಚಿಕ್ಕ ಚಾನೆಲ್ ನಡೆಸುತ್ತಿದ್ದೇವೆ. ಕಾಲುವೆಯ ಕೆಳಗಿನ ಭತ್ತ, ಕಾಲುವೆ ಮುಟ್ಟದ ಹೊಲಗಳ ಹತ್ತಿ, ತೊಗರಿ, ಮೆಣಸಿನಕಾಯಿ ಇವೇ ನಮ್ಮ ವಿಷಯಗಳು. ಕಾಲೇಜಿನ ಓದಿನ ನಡುವೆ ವಾರಕ್ಕೆ ಒಂದೇ ವಿಡಿಯೊ ಮಾಡಲು ಸಾಧ್ಯ. ಆದ್ದರಿಂದ ವರ್ಷಕ್ಕೆ ನಮ್ಮ ಕೈಯಲ್ಲಿರುವುದು ಸುಮಾರು ಐವತ್ತು ಅವಕಾಶಗಳು ಮಾತ್ರ. ತೊಗರಿಯ ಕಾಯಿಕೊರಕ ಹುಳುವಿನ ವಿಡಿಯೊವನ್ನು ಡಿಸೆಂಬರಿನಲ್ಲಿ ಹಾಕಿ ಅವುಗಳಲ್ಲಿ ಒಂದನ್ನು ನಾವು ಕಳೆದುಕೊಂಡೆವು. ಆ ಹುಳುವಿನ ಕಾಟ ತೊಗರಿ ಹೂವಾಡುವಾಗಲೇ ಮೊದಲಾಗುತ್ತದೆ. ಡಿಸೆಂಬರಿನ ಹೊತ್ತಿಗೆ ಆದದ್ದು ಆಗಿಹೋಗಿರುತ್ತದೆ.

ಇಷ್ಟಕ್ಕೂ ನಾವು ತಡಮಾಡಿದ್ದೇಕೆ? ಭತ್ತದ ಸಸಿಮಡಿಯನ್ನು ಕುರಿತ ನಮ್ಮ ಒಂದು ವಿಡಿಯೊವನ್ನು 3,900 ಸಲ ನೋಡಿದ್ದರು. ಆ ಸಂಖ್ಯೆಗೆ ಮರುಳಾಗಿ ವಾರದ ಮೇಲೆ ವಾರ ಭತ್ತವನ್ನೇ ಹೇಳುತ್ತ ಹೋದೆವು. ತೊಗರಿಯ ಸರದಿ ಬರುವಷ್ಟರಲ್ಲಿ ಕಾಲ ಮಿಂಚಿತ್ತು. ಆ ಮಾತು ಕೇಳಿದ ದಿನ ಮನೆಗೆ ಬಂದು ಯೂಟ್ಯೂಬ್ ಸ್ಟುಡಿಯೊದ ಅಂಕಿಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಆಗ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ವಿಡಿಯೊಗಳನ್ನು ಸಮಾನ ವಯಸ್ಸಿನಲ್ಲಿ ಹೋಲಿಸಬೇಕು. ಹೋದ ವರ್ಷದ ವಿಡಿಯೊವನ್ನು ಮೊನ್ನೆಯ ವಿಡಿಯೊದ ಪಕ್ಕದಲ್ಲಿಟ್ಟರೆ ಹಳೆಯದೇ ಗೆಲ್ಲುತ್ತದೆ. ಆದ್ದರಿಂದ ಪ್ರತಿಯೊಂದರ ಮೊದಲ 28 ದಿನಗಳ ಲೆಕ್ಕವನ್ನಷ್ಟೇ ಬರೆದುಕೊಂಡೆ. ಭತ್ತದ ಐದು ವಿಡಿಯೊಗಳು ಹೀಗಿದ್ದವು: 540, 580, 620, 640, 3,900. ಇವುಗಳ ಸರಾಸರಿ 1,256. ಆದರೆ ಐದರಲ್ಲಿ ನಾಲ್ಕು ಅದರ ಅರ್ಧದ ಆಸುಪಾಸಿನಲ್ಲೇ ಇವೆ. ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ತೆಗೆದುಕೊಂಡರೆ 620 ಬರುತ್ತದೆ. ಭತ್ತದ ವಿಷಯದಲ್ಲಿ ನಾವು ನಂಬಬಹುದಾದ ಸಂಖ್ಯೆ ಇದೇ. ಆ 3,900 ಎಲ್ಲಿಂದ ಬಂತೆಂದು ನೋಡಿದಾಗ, ಬಹುಪಾಲು ಜನ ವಾಟ್ಸಾಪಿನ ಮೂಲಕ ಬಂದಿದ್ದರು. ಯಾರೋ ಒಂದು ದೊಡ್ಡ ಗುಂಪಿಗೆ ಕಳುಹಿಸಿದ್ದರು, ಅಷ್ಟೆ. ಅದು ವಿಷಯದ ಬಲವಲ್ಲ, ಒಂದು ದಿನದ ಅದೃಷ್ಟ.

ಎರಡನೆಯದಾಗಿ, ಎಷ್ಟು ಜನ ನೋಡಿದರು ಎಂಬುದರೊಡನೆ ಎಷ್ಟು ಹೊತ್ತು ನೋಡಿದರು, ಹೇಗೆ ಬಂದರು ಎಂಬುದನ್ನೂ ನೋಡಬೇಕು. ಮೆಣಸಿನಕಾಯಿಯ ನುಸಿಯನ್ನು ಕುರಿತು ಎರಡೇ ವಿಡಿಯೊ ಮಾಡಿದ್ದೆವು. 310 ಮತ್ತು 350 ಸಲ ನೋಡಿದ್ದರು. ಭತ್ತದ ಮುಂದೆ ಇದು ಸೋಲೆಂದು ಬಿಟ್ಟುಬಿಟ್ಟಿದ್ದೆವು. ಆದರೆ ಭತ್ತದ ವಿಡಿಯೊವನ್ನು ಜನ ಸರಾಸರಿ ನೂರಕ್ಕೆ 38 ಪಾಲು ನೋಡಿ ಮುಚ್ಚಿದ್ದರೆ, ಮೆಣಸಿನಕಾಯಿಯದನ್ನು 62 ಪಾಲು ನೋಡಿದ್ದರು. ಹೆಚ್ಚಿನವರು ತಾವಾಗಿಯೇ ಹುಡುಕಿಕೊಂಡು ಬಂದವರು. 2021-22ರ ಹಂಗಾಮಿನಲ್ಲಿ ಕಪ್ಪು ನುಸಿಯ ಹೊಡೆತವನ್ನು ಕಂಡ ಬೆಳೆಗಾರರಿಗೆ ಇದು ಬೇಕಾದ ವಿಷಯವಾಗಿತ್ತು. ನಾವು ಬರಿಯ ತಲೆ ಎಣಿಸಿ ಅದನ್ನು ಕಡೆಗಣಿಸಿದ್ದೆವು.

ಮೂರನೆಯದು ಕಾಲ. ಹಳೆಯ ವಿಡಿಯೊವೊಂದರ ದಿನವಾರು ರೇಖೆಯನ್ನು ಇಡೀ ವರ್ಷಕ್ಕೆ ಹಿಗ್ಗಿಸಿ ನೋಡಿದರೆ, ಜನ ಆ ವಿಷಯವನ್ನು ಯಾವಾಗ ಹುಡುಕತೊಡಗುತ್ತಾರೆಂದು ಕಾಣುತ್ತದೆ. ನಮ್ಮ ತೊಗರಿಯ ವಿಡಿಯೊದ ರೇಖೆ ಡಿಸೆಂಬರಿನ ನಂತರ ನೆಲಕ್ಕೆ ಒರಗಿತ್ತು; ಮುಂದಿನ ವರ್ಷ ಸೆಪ್ಟೆಂಬರಿನ ಕೊನೆಯ ವಾರದಲ್ಲಿ ತಾನಾಗಿ ತಲೆಯೆತ್ತಿತು. ಹಾಗಾದರೆ ಹೊಸ ವಿಡಿಯೊ ಸೆಪ್ಟೆಂಬರಿನ ಎರಡನೆಯ ವಾರದಲ್ಲೇ ಸಿದ್ಧವಿರಬೇಕು. ಆ ಹಿರಿಯರ ಮಾತಿಗೆ ಉತ್ತರ ನಮ್ಮ ಬಳಿಯೇ ಇತ್ತು, ನಾವು ನೋಡಿರಲಿಲ್ಲ.

ಇಷ್ಟಾದ ಮೇಲೆ ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಹನ್ನೆರಡು ವಾರಗಳ ಪಟ್ಟಿ ಹಾಕಿದೆವು. ನಮ್ಮ ಕಡೆಯ ರೈತ ಹೊಲದ ತುಂಬ ನಂಬಿದ ಬೆಳೆಯನ್ನೇ ಬಿತ್ತುತ್ತಾನೆ. ಹೊಸ ಬೀಜವೇನಾದರೂ ಸಿಕ್ಕರೆ ಒಂದೆರಡು ಸಾಲು ಹಾಕಿ ನೋಡುತ್ತಾನೆ. ನಾವೂ ಹಾಗೆಯೇ ಎಂಟು ವಾರಗಳನ್ನು ನಂಬಿದ ವಿಷಯಗಳಿಗೆ, ಮೂರನ್ನು ಪ್ರಯೋಗಕ್ಕೆ ಕೊಟ್ಟೆವು. ಒಂದನ್ನು ಖಾಲಿ ಬಿಟ್ಟೆವು. ಕಾಲುವೆಯ ನೀರಿನ ಸುದ್ದಿಯೋ ಹಠಾತ್ತನೆ ಬಿದ್ದ ರೋಗವೋ ಬಂದರೆ ಅದಕ್ಕೆಂದು. ಮೂರು ವಿಡಿಯೊ ಆಗಿ, ಅವುಗಳ ನಡುವಿನ ಸಂಖ್ಯೆ ಇಡೀ ಚಾನೆಲಿನ ನಡುವಿನ ಸಂಖ್ಯೆಗಿಂತ ಮೇಲಿದ್ದರೆ ಮಾತ್ರ ಆ ವಿಷಯ ‘ನಂಬಿದ್ದು’. ಮೆಣಸಿನಕಾಯಿಗೆ ಇನ್ನೂ ಆ ಯೋಗ್ಯತೆ ಬಂದಿರಲಿಲ್ಲ; ಆದ್ದರಿಂದ ಅದು ಪ್ರಯೋಗದ ಸಾಲಿನಲ್ಲೇ ನಿಂತಿತು.

ಪ್ರಯೋಗಕ್ಕೆ ಮೂರು ನಿಯಮಗಳನ್ನು ಹಾಕಿಕೊಂಡೆವು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಅರ್ಧ ದಿನಕ್ಕಿಂತ ಹೆಚ್ಚು ಶ್ರಮ ಹಾಕಬಾರದು. ಏನಾದರೆ ಗೆಲುವೆಂದು ಮೊದಲೇ ಬರೆದಿಡಬೇಕು. ಬರೆಯದಿದ್ದರೆ ಮನಸ್ಸು ಬಂದ ಅಂಕಿಗೆ ತಕ್ಕ ಕಾರಣ ಹುಡುಕಿಕೊಳ್ಳುತ್ತದೆ. ಮೆಣಸಿನಕಾಯಿಯ ಮೂರನೆಯ ವಿಡಿಯೊವನ್ನು ಪುಸ್ತಕದ ಭಾಷೆ ಬಿಟ್ಟು ಹೊಲದಲ್ಲಿ ಆಡುವ ಮಾತಿನಲ್ಲೇ ಮಾಡಿದೆವು. ನೋಡುವ ಪಾಲು 62ಕ್ಕಿಂತ ಇಳಿಯದೆ, ಸಂಖ್ಯೆ 450 ದಾಟಿದರೆ ಗೆಲುವೆಂದು ಬರೆದಿಟ್ಟಿದ್ದೆವು. ಬಂದದ್ದು 65 ಪಾಲು ಮತ್ತು 510 ನೋಟ. ಇನ್ನೊಂದು ಪ್ರಯೋಗ ಒಂದು ನಿಮಿಷದ ಕಿರು ವಿಡಿಯೊ. ಅದನ್ನು ಸಾವಿರಾರು ಜನ ನೋಡಿದರು. ಆದರೆ ಅವರಲ್ಲಿ ಮರಳಿ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಮರಳಿ ಬರುವವರ ಸಂಖ್ಯೆಯನ್ನೇ ಗುರಿಯಾಗಿ ಬರೆದಿಟ್ಟಿದ್ದರಿಂದ ಅದನ್ನು ಸೋಲೆಂದು ಒಪ್ಪಿಕೊಂಡೆವು.

ಆದರೆ ಒಂದೇ ಪ್ರಯೋಗದಿಂದ ತೀರ್ಪು ಕೊಡಬಾರದು. ಒಂದು ವಿಡಿಯೊದ ಚಿತ್ರ 200 ಸಲ ಜನರ ಕಣ್ಣಿಗೆ ಬಿದ್ದು 8 ಮಂದಿ ಒತ್ತಿದರೆ ನೂರಕ್ಕೆ 4 ಆಯಿತು. ಇಷ್ಟು ಚಿಕ್ಕ ಲೆಕ್ಕದಲ್ಲಿ ನಿಜವಾದ ಪ್ರಮಾಣ ಎರಡರಿಂದ ಏಳೆಂಟರ ನಡುವೆ ಎಲ್ಲಿಯಾದರೂ ಇರಬಹುದು. ಮೂರು ಬಂದ ವಿಡಿಯೊಗಿಂತ ಇದು ಮೇಲೆಂದು ಹೇಳಲು ಆಧಾರವಿಲ್ಲ. ಆದ್ದರಿಂದ ಸೋತ ಪ್ರಯೋಗಕ್ಕೂ ಮುಂದಿನ ಪಟ್ಟಿಯಲ್ಲಿ ಮತ್ತೊಂದು ಅವಕಾಶ ಕೊಡುತ್ತೇವೆ. ಎರಡನೆಯ ಸಲವೂ ಸೋತರೆ ಬಿಡುತ್ತೇವೆ.

ಪ್ರಯೋಗವೆಂದರೆ ಹೇಳುವ ವಿಷಯದಲ್ಲಿ, ಹೇಳುವ ರೀತಿಯಲ್ಲಿ ಪ್ರಯೋಗವೇ ಹೊರತು ಸಲಹೆಯಲ್ಲಿ ಅಲ್ಲ. ಔಷಧದ ಹೆಸರು, ಪ್ರಮಾಣ ಇವನ್ನು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಂಡ ಮೇಲೆಯೇ ಹೇಳುತ್ತೇವೆ. ತಪ್ಪಾದರೆ ಕುಸಿಯುವುದು ನಮ್ಮ ಅಂಕಿಯಲ್ಲ, ಒಬ್ಬನ ವರ್ಷದ ಬೆಳೆ.

ಈ ವರ್ಷ ತೊಗರಿಯ ವಿಡಿಯೊ ಸೆಪ್ಟೆಂಬರಿನ ಎರಡನೆಯ ವಾರದಲ್ಲಿ ಹೊರಬಿತ್ತು. ಮೊದಲ 28 ದಿನಗಳಲ್ಲಿ ಅದನ್ನು ನೋಡಿದ್ದು 470 ಸಲ, ದೊಡ್ಡ ಸಂಖ್ಯೆಯೇನಲ್ಲ. ಆದರೆ ಅಕ್ಟೋಬರಿನ ಒಂದು ಸಂಜೆ ಅದೇ ಹಿರಿಯರು ಬಸ್ ನಿಲ್ದಾಣದಲ್ಲಿ ಸಿಕ್ಕು, “ಈ ಸಲ ಹೂವಿನ್ಯಾಗ ಇದ್ದಾಗನ ನೋಡೀನಿ” ಎಂದರು. ಆ ಒಂದು ನೋಟ ಪಟ್ಟಿಯ ಯಾವ ಅಂಕಣದಲ್ಲಿಯೂ ಬೇರೆಯಾಗಿ ಕಾಣುವುದಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿ ನಾನೇ ಬರೆದುಕೊಂಡಿದ್ದೇನೆ.