ಮುಖಪುಟ ಸ್ವಲ್ಪ ಸುಮ್ಮನಿರಲಿ

ಮುಖಪುಟದ ಮೇಲ್ಭಾಗದಲ್ಲಿ ಐದಾರು ದೊಡ್ಡ ಚಿತ್ರಗಳು ಒಂದಾದ ಮೇಲೊಂದು ಜಾರುತ್ತಾ ಹೋಗುವ ವೆಬ್‌ಸೈಟುಗಳನ್ನು ನಾವೆಲ್ಲ ನೋಡಿದ್ದೇವೆ. ಕಾಲೇಜಿನ ಸೈಟಾದರೆ ಮೊದಲು ಕಟ್ಟಡ, ಆಮೇಲೆ ಘಟಿಕೋತ್ಸವ, ಆಮೇಲೆಲ್ಲೋ ಪ್ರವೇಶದ ಪ್ರಕಟಣೆ. ಈ ಸ್ಲೈಡರ್ ಹೆಚ್ಚಾಗಿ ಹುಟ್ಟುವುದು ಕಚೇರಿಯ ಮೀಟಿಂಗಿನಲ್ಲಿ. ಮೇಲಿನ ಜಾಗ ಪ್ರವೇಶ ವಿಭಾಗಕ್ಕೆ ಬೇಕು, ಹಳೆ ವಿದ್ಯಾರ್ಥಿ ಸಂಘಕ್ಕೂ ಬೇಕು, ಕ್ರೀಡಾ ವಿಭಾಗವೂ ಬಿಟ್ಟುಕೊಡುವುದಿಲ್ಲ. ಯಾರಿಗೂ ಇಲ್ಲವೆನ್ನಲಾಗದೆ ತಲಾ ಒಂದು ಸ್ಲೈಡ್ ಕೊಟ್ಟರೆ ಜಗಳ ತೀರುತ್ತದೆ.

ಆದರೆ ಜಾಗ ಹಂಚಿದ ಮಾತ್ರಕ್ಕೆ ಓದುಗರ ಗಮನ ಹಂಚಿಹೋಗುವುದಿಲ್ಲ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ವೆಬ್ ತಂಡದಲ್ಲಿದ್ದ ಎರಿಕ್ ರನ್ಯನ್ ತಮ್ಮ ಮುಖಪುಟದ ಸ್ಲೈಡರನ್ನು ಯಾರು ಎಷ್ಟು ಒತ್ತುತ್ತಾರೆಂದು ಲೆಕ್ಕ ಹಾಕಿ, 2013ರಲ್ಲಿ ಪ್ರಕಟಿಸಿದರು. ಬಂದವರಲ್ಲಿ ಸ್ಲೈಡನ್ನು ಒತ್ತಿದವರು ಶೇ. 1ರ ಆಸುಪಾಸು. ಆ ಕ್ಲಿಕ್ಕುಗಳಲ್ಲೂ ಶೇ. 84 ಮೊದಲ ಸ್ಲೈಡಿನ ಪಾಲಾಗಿ, ಉಳಿದ ನಾಲ್ಕಕ್ಕೆ ಸಿಕ್ಕಿದ್ದು ತಲಾ ಶೇ. 4ರಷ್ಟು. ಅಂದರೆ 10,000 ಜನ ಬಂದರೆ 100 ಮಂದಿ ಒತ್ತಿದರು, ಅವರಲ್ಲಿ ಐದನೆಯ ಸ್ಲೈಡಿಗೆ ಬಂದವರು ನಾಲ್ಕೇ ಜನ. ಅಂಕಿ ಸೈಟಿನಿಂದ ಸೈಟಿಗೆ ಬೇರೆಯಾದೀತು. ಆದರೂ ಮೀಟಿಂಗಿನಲ್ಲಿ ಹಟ ಹಿಡಿದು ಕೊನೆಯ ಸ್ಲೈಡ್ ಗಿಟ್ಟಿಸಿಕೊಂಡ ವಿಭಾಗಕ್ಕೆ ನಿಜವಾಗಿ ಸಿಗುವುದು ಎಷ್ಟು ಎಂಬುದು ಇದರಿಂದ ತಿಳಿಯುತ್ತದೆ.

ಮೊದಲ ಸ್ಲೈಡಿನಲ್ಲಿದ್ದ ಮಾತೂ ಕಣ್ಣಿಗೆ ಬೀಳದೆ ಹೋಗಬಹುದು. ಬಳಕೆಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಅದೇ ವರ್ಷ ಬ್ರಿಟನ್ನಿನ ಸೀಮೆನ್ಸ್ ಸೈಟಿನ ಒಂದು ಪರೀಕ್ಷೆಯನ್ನು ವಿವರಿಸಿದ್ದರು. ವಾಷಿಂಗ್ ಮೆಷಿನ್ ಮೇಲೆ ರಿಯಾಯಿತಿ ಇದೆಯೇ ಎಂದು ಹುಡುಕುವುದು ಪರೀಕ್ಷೆಗೆ ಬಂದವರಿಗೆ ಕೊಟ್ಟ ಕೆಲಸ. ಉತ್ತರ ಪುಟದ ನೆತ್ತಿಯ ಮೇಲೆ, ದೊಡ್ಡ ಅಕ್ಷರದಲ್ಲಿ, ತಾನಾಗಿ ಬದಲಾಗುವ ಸ್ಲೈಡಿನಲ್ಲೇ ಇತ್ತು. ಪುಟವನ್ನೆಲ್ಲ ಜಾಲಾಡಿದ ಬಳಕೆದಾರರಿಗೆ ಅದು ಸಿಗಲಿಲ್ಲ. ಕಾರಣ ಎರಡು: ಚಲಿಸುವ, ಬಣ್ಣಬಣ್ಣದ ಪಟ್ಟಿಯನ್ನು ಜಾಹೀರಾತೆಂದು ಬಗೆದು ದಾಟಿಹೋಗುವುದು ಕಣ್ಣಿಗೆ ರೂಢಿಯಾಗಿಬಿಟ್ಟಿದೆ, ಕಣ್ಣು ಅತ್ತ ಹೊರಳುವಷ್ಟರಲ್ಲಿ ಸ್ಲೈಡೂ ಬದಲಾಗಿರುತ್ತದೆ. ನಿಧಾನವಾಗಿ ಓದುವವರಿಗೆ, ತಮ್ಮದಲ್ಲದ ಭಾಷೆಯ ಪುಟ ಓದುವವರಿಗೆ ಈ ತೊಂದರೆ ಇನ್ನೂ ಹೆಚ್ಚು.

ಹಾಗೆಂದು ಸ್ಲೈಡರ್ ಎಲ್ಲೆಡೆಯೂ ಕೆಟ್ಟದ್ದಲ್ಲ. ಸೀರೆ ಕೊಳ್ಳುವವರು ಅಂಚು, ಸೆರಗು, ಒಡಲಿನ ಫೋಟೋಗಳನ್ನು ತಾವೇ ಬೆರಳಿನಿಂದ ಸರಿಸುತ್ತಾ ನೋಡುತ್ತಾರೆ. ಅಲ್ಲಿ ವಸ್ತು ಒಂದೇ, ವೇಗವೂ ನೋಡುವವರದ್ದೇ. ಮುಖಪುಟದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಸುದ್ದಿಗಳು ತಾವಾಗಿ ಓಡಿದಾಗ ಈ ಎರಡೂ ತಪ್ಪುತ್ತವೆ. ಬಂದವರಲ್ಲಿ ಹೆಚ್ಚಿನವರು ಹುಡುಕುವ ಒಂದು ವಿಷಯವನ್ನು ಮೇಲೆ ನಿಲ್ಲಿಸಿ, ಉಳಿದವನ್ನು ಕೆಳಗೆ ಸಣ್ಣ ಶೀರ್ಷಿಕೆಗಳ ಸಾಲಾಗಿ ಇಡುವುದು ಮೇಲು. ಚಲನೆ ಬೇಕೇ ಬೇಕೆಂದರೆ ನಿಲ್ಲಿಸುವ ಬಟನ್ ಇರಬೇಕು. ಪುಟದ ಇತರ ವಿಷಯದ ಜೊತೆಗೆ ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಚಲಿಸುವುದನ್ನು ಬಳಕೆದಾರ ನಿಲ್ಲಿಸುವಂತಿರಬೇಕು ಎಂಬುದು ಅಂತರರಾಷ್ಟ್ರೀಯ ವೆಬ್ ಮಾನದಂಡವಾದ ಡಬ್ಲ್ಯೂಸಿಎಜಿಯ ನಿಯಮ. ಭಾರತದ ಸರ್ಕಾರಿ ವೆಬ್‌ಸೈಟುಗಳ ಮಾರ್ಗಸೂಚಿಯೂ ಈ ಮಾನದಂಡವನ್ನೇ ಆಧರಿಸಿದೆ.

ಪಾಪ್‌ಅಪ್‌ನ ದೋಷ ಹೆಚ್ಚಾಗಿ ಅದು ಬರುವ ಹೊತ್ತಿನದು. ಒಂದು ಸಾಲೂ ಓದಿರದವರ ಮುಂದೆ ‘ನಮ್ಮ ಸುದ್ದಿಪತ್ರಕ್ಕೆ ಸೇರಿ’ ಎಂಬ ಪೆಟ್ಟಿಗೆ ಬಂದರೆ ಅವರು ಹುಡುಕುವುದು ಮುಚ್ಚುವ ಗುರುತನ್ನು ಮಾತ್ರ. ಮೊಬೈಲಿನಲ್ಲಿ ಆ ಗುರುತು ಬೆರಳಿಗೆ ಸಿಗದಷ್ಟು ಚಿಕ್ಕದಾಗಿದ್ದರೆ ಪುಟವನ್ನೇ ಬಿಟ್ಟುಹೋಗುತ್ತಾರೆ. ಹುಡುಕಾಟದಿಂದ ಬಂದವರಿಗೆ ಹೀಗೆ ಅಡ್ಡ ನಿಲ್ಲುವ ಮೊಬೈಲ್ ಪುಟಗಳು ಫಲಿತಾಂಶದಲ್ಲಿ ಕೆಳಗಿಳಿಯಬಹುದೆಂಬ ನಿಯಮವನ್ನು ಗೂಗಲ್ 2017ರ ಜನವರಿಯಲ್ಲಿ ಜಾರಿಗೆ ತಂದಿತು. ಕಾನೂನಿಗೆ ಬೇಕಾದ ಒಪ್ಪಿಗೆ, ವಯಸ್ಸಿನ ಖಾತರಿಯಂಥವಕ್ಕೆ ವಿನಾಯಿತಿ ಉಂಟು. ಉಳಿದ ಕೋರಿಕೆಯನ್ನು ಲೇಖನದ ಕೊನೆಯಲ್ಲಿ, ಓದಿ ಮುಗಿಸಿದವರ ಮುಂದಿಡಬಹುದು.

ಅನಿಮೇಶನ್ ಕೆಲವರಿಗೆ ಕಿರಿಕಿರಿಯಷ್ಟೇ ಅಲ್ಲ, ದೇಹಕ್ಕೇ ಆಗದ ಸಂಗತಿ. ಒಳಕಿವಿಯ ಸಮತೋಲನ ವ್ಯವಸ್ಥೆಯ ತೊಂದರೆ ಇರುವವರಿಗೆ ದೊಡ್ಡ ಚಿತ್ರಗಳು ಹಿಗ್ಗಿ ಜಾರುವುದನ್ನು ನೋಡಿದರೆ ತಲೆಸುತ್ತು, ವಾಕರಿಕೆ ಬರಬಹುದು. ಅಂಥವರು ಫೋನಿನ ಸೆಟ್ಟಿಂಗ್‌ನಲ್ಲಿ ಚಲನೆಯನ್ನು ತಗ್ಗಿಸಿಟ್ಟಿರುತ್ತಾರೆ. ವೆಬ್‌ಸೈಟಿನ ಕೋಡಿನಲ್ಲಿ prefers-reduced-motion ಎಂಬ ಷರತ್ತನ್ನು ಬಳಸಿದರೆ ಪುಟಕ್ಕೆ ಆ ಇಚ್ಛೆ ತಿಳಿದು, ಅವರ ಪಾಲಿಗೆ ಚಿತ್ರಗಳು ಓಡದೆ ನಿಲ್ಲುತ್ತವೆ.

ತಮ್ಮ ಸೈಟಿನ ಸ್ಥಿತಿ ತಿಳಿಯಬೇಕಾದವರು ಅದನ್ನು ಎಂದೂ ನೋಡಿರದ ಒಬ್ಬರ ಕೈಗೆ ಫೋನ್ ಕೊಟ್ಟು, ‘ಅರ್ಜಿ ಹಾಕಲು ಕೊನೆಯ ದಿನ ಯಾವುದು, ನೋಡಿ ಹೇಳಿ’ ಎನ್ನಲಿ. ಅವರು ಎಲ್ಲಿ ತಡವರಿಸುತ್ತಾರೆ, ಏನನ್ನು ಮುಚ್ಚುತ್ತಾರೆ, ಯಾವ ಸ್ಲೈಡನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಮಾತಾಡದೆ ಗಮನಿಸಲಿ. ಪ್ರತಿ ಸ್ಲೈಡಿನ ಕ್ಲಿಕ್ ಲೆಕ್ಕವನ್ನೂ ಜೊತೆಗಿಟ್ಟುಕೊಂಡು ಮೀಟಿಂಗಿಗೆ ಹೋದರೆ, ಯಾವುದನ್ನು ತೆಗೆಯಬೇಕೆಂಬ ಚರ್ಚೆ ಬೇಗ ಮುಗಿಯುತ್ತದೆ.