ಎಫ್‌ಪಿಜಿಎ ವಿನ್ಯಾಸದಲ್ಲಿ ಚಲನ ವಿದ್ಯುತ್‌ವ್ಯಯ

ಶಿರಸಿ ತಾಲ್ಲೂಕಿನ ಎಕ್ಕಂಬಿಯ ಅಡಿಕೆ ತೋಟವೊಂದರಲ್ಲಿ ಸೌರಫಲಕದಿಂದ ನಡೆಯುವ ಎಫ್‌ಪಿಜಿಎ ಮಾಪಕವೊಂದನ್ನು ಇರಿಸಲಾಗಿದೆಯೆಂದು ಭಾವಿಸೋಣ. ಮಳೆಗಾಲದಲ್ಲಿ ಬಿಸಿಲು ವಿರಳವಾದಾಗ ಅದರ ಬ್ಯಾಟರಿಯನ್ನು ಉಳಿಸುವುದು ಹೇಗೆ?

ಸಿಮಾಸ್ ಮಂಡಲದ ಬಿಂದುವೊಂದು ಸೊನ್ನೆಯಿಂದ ಒಂದಕ್ಕೇರಿದಾಗ ಅಲ್ಲಿನ ಧಾರಕತೆ ತುಂಬುತ್ತದೆ. ಸೊನ್ನೆಗೆ ಇಳಿದಾಗ ಬರಿದಾಗುತ್ತದೆ. ಹೀಗೆ ವ್ಯಯವಾಗುವ ವಿದ್ಯುತ್ತು P = αCV²f. ಇಲ್ಲಿ C ಒಟ್ಟು ಧಾರಕತೆ, V ವೋಲ್ಟೇಜು, f ಕ್ಲಾಕಿನ ಆವೃತ್ತಿ. Α ಎಂಬುದು ಒಂದು ಕ್ಲಾಕ್ ಆವರ್ತದಲ್ಲಿ ಬಿಂದುಗಳು ಮೇಲೇರುವ ಸರಾಸರಿ ಪ್ರಮಾಣ. ಇವು ಕ್ರಮವಾಗಿ 2 ನ್ಯಾನೊಫ್ಯಾರಡ್, 1 ವೋಲ್ಟ್, 100 ಮೆಗಾಹರ್ಟ್ಸ್ ಮತ್ತು 0.125 ಆದರೆ ವ್ಯಯ 25 ಮಿಲಿವ್ಯಾಟ್.

ವೋಲ್ಟೇಜನ್ನು ಇಳಿಸಿದರೆ ಲಾಭ ಹೆಚ್ಚು; ಆದರೆ ಚಿಪ್ಪಿನ ತಯಾರಕರು ಅದನ್ನು ಕಿರಿದಾದ ಮಿತಿಯೊಳಗೆ ನಿಗದಿಪಡಿಸಿರುತ್ತಾರೆ. ಆವೃತ್ತಿಯನ್ನು ಅರ್ಧಕ್ಕಿಳಿಸಿದರೆ ವ್ಯಯ 12.5 ಮಿಲಿವ್ಯಾಟಿಗೆ ಇಳಿಯುವುದು ನಿಜ. ಆದರೆ ಅದೇ ಲೆಕ್ಕ ಮುಗಿಯಲು ಇಮ್ಮಡಿ ಕಾಲ ಬೇಕಾಗುವುದರಿಂದ ಚಲನ ಶಕ್ತಿಯ ಒಟ್ಟು ಖರ್ಚು ಅಷ್ಟೇ ಉಳಿಯುತ್ತದೆ. ಮಾಪಕಕ್ಕೆ ಹತ್ತರಲ್ಲಿ ಒಂದು ಪಾಲು ಸಮಯ ಮಾತ್ರ ಕೆಲಸವಿದ್ದರೆ, ಉಳಿದ ಕಾಲ ಕ್ಲಾಕನ್ನೇ ನಿಲ್ಲಿಸುವುದು ಲೇಸು. ಆಗ ಸರಾಸರಿ 2.5 ಮಿಲಿವ್ಯಾಟ್.

ನಿಲ್ಲಿಸುವ ಬಗೆಯಲ್ಲಿ ಎಚ್ಚರ ಬೇಕು. ಸಾಮಾನ್ಯ ತರ್ಕದ್ವಾರದ ಮೂಲಕ ಕ್ಲಾಕನ್ನು ಹಾಯಿಸಿದರೆ ಹುಸಿ ಸ್ಪಂದನಗಳು ಹುಟ್ಟಿ ರಿಜಿಸ್ಟರುಗಳು ತಪ್ಪು ಮೌಲ್ಯವನ್ನು ಹಿಡಿಯಬಹುದು. ರಿಜಿಸ್ಟರಿನ ಎನೇಬಲ್ ಬಳಸಿದರೆ ದತ್ತಾಂಶ ಸ್ಥಿರವಾಗುತ್ತದೆ, ಆದರೆ ಕ್ಲಾಕಿನ ತಂತಿಜಾಲ ಮಿಡಿಯುತ್ತಲೇ ಇರುತ್ತದೆ. BUFGCE ಯಂತಹ ಎನೇಬಲ್ ಉಳ್ಳ ಕ್ಲಾಕ್ ಬಫರು ಅದರ ಮುಂದಿನ ಜಾಲವನ್ನೂ ನಿಲ್ಲಿಸುತ್ತದೆ.

ಉಳಿತಾಯವನ್ನು ಅಂದಾಜಿಸುವಾಗ ಉಪಕರಣದ ಪೂರ್ವನಿಗದಿತ α ವನ್ನು ನಂಬದೆ, ಅನುಕರಣದಲ್ಲಿ ದಾಖಲಾದ ಚಟುವಟಿಕೆಯನ್ನೇ ಒದಗಿಸಬೇಕು. ಕ್ಲಾಕ್ ನಿಂತರೂ ಸೋರಿಕೆಯ ವ್ಯಯ ನಿಲ್ಲದು. ಈ ಉಪಾಯದ ಮಿತಿ ಅಲ್ಲಿದೆ.